ಕಪನೂರಿನ್ಯಾಗ ಸಣ್ಣ ತೊಗರಿ ಬೇಳೆ ಘಟಕ: ಪ್ರಾಜೆಕ್ಟ್ ರಿಪೋರ್ಟ್‌ನ್ಯಾಗ ಯಾವ್ಯಾವ ನೋಂದಣಿ, ಲೈಸೆನ್ಸ್ ಬರೀಬೇಕು?

ಕಪನೂರ ಹೊಸಬ

ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿ ಕಪನೂರ ಕೈಗಾರಿಕಾ ಪ್ರದೇಶದಾಗ ಬಾಡಿಗೆ ಶೆಡ್ಡಿನ್ಯಾಗ ತೊಗರಿ ಬೇಳೆ ಘಟಕ ಹಾಕೋದದ. ಮಾಲೀಕ ನಾನೊಬ್ಬನೇ, ಆಳು ನಾಕು ಮಂದಿ. ಬ್ಯಾಂಕಿನವರು ರಿಪೋರ್ಟ್ ವಾಪಸ್ ಕೊಟ್ರು. "ಶಾಸನಬದ್ಧ ಅನುಮತಿಗಳು" ಅಂತ ಒಂದು ಪುಟ ಇರ್ಬೇಕಂತ, ಅದರಾಗ ಯಾವ ಇಲಾಖೆ, ಯಾವಾಗ, ಎಷ್ಟು ಖರ್ಚು ಅನ್ನೋದು ಬೇಕಂತ. ನಾನು "ಜಿಎಸ್‌ಟಿ, ಫುಡ್ ಲೈಸೆನ್ಸ್, ಇತ್ಯಾದಿ" ಅಂತ ಒಂದೇ ಸಾಲು ಬರ್ದಿದ್ದೆ.

ಲೆಕ್ಕ ಹಿಂಗದ. ವರ್ಷಕ್ಕ 36 ಟನ್ ಬೇಳೆ. ಅದರಾಗ 32 ಟನ್ 30 ಕಿಲೋ ಚೀಲದಾಗ ಗಂಜ್ ಸುತ್ತಲಿನ ಕಿರಾಣಿ ಅಂಗಡಿಗೆ. ಉಳಿದ 4 ಟನ್ ಒಂದು ಕಿಲೋ, ಅರ್ಧ ಕಿಲೋ ಪ್ಯಾಕೆಟ್. ದರ ಕಿಲೋಕ್ಕ 110 ರೂಪಾಯಿ ಹಿಡ್ದೀನಿ. ಹೊಟ್ಟು, ಚುನ್ನಿ ಮಾರಿದ್ರ ಇನ್ನೊಂದು 2 ಲಕ್ಷ. ಸೊಲ್ಲಾಪುರದಾಗ ಒಂದು ಅಂಗಡಿಯವರು ತಿಂಗಳಿಗೆ 50 ಪ್ಯಾಕೆಟ್ ಕಳಸ್ರಿ ಅಂದಾರ.

ನನಗ ಜಿಎಸ್‌ಟಿ ಬೇಕೋ ಬ್ಯಾಡೋ? ಮತ್ತೇನೇನು ಬರೀಲಿ?

ಗಂಜ್ ಗುಮಾಸ್ತ

ತಮ್ಮಾ, ಬೇಳೆಗೆ ಜಿಎಸ್‌ಟಿನೇ ಇಲ್ಲ. ಬ್ರ್ಯಾಂಡ್ ರಿಜಿಸ್ಟರ್ ಮಾಡಿಸಿದ್ರ ಮಾತ್ರ 5 ಪರ್ಸೆಂಟ್. ನೀನು ಬ್ರ್ಯಾಂಡ್ ಮಾಡಿಸಬ್ಯಾಡ, ಪ್ಯಾಕೆಟ್ ಮ್ಯಾಲ ಬರೇ ಅಂಗಡಿ ಹೆಸರು ಹಾಕು. ಮ್ಯಾಲಿಂದ ನಿನ್ನ ಪ್ಯಾಕೆಟ್ ವ್ಯಾಪಾರ 4 ಲಕ್ಷ ಚಿಲ್ಲರೆ, ಮಿತಿ 40 ಲಕ್ಷ. ತಲಿ ಕೆಡಿಸ್ಕೋಬ್ಯಾಡ.

ನಿನಗ ಮೊದಲು ಬೇಕಾಗೋದು ಎಪಿಎಂಸಿ ಲೈಸೆನ್ಸ್. ಗಂಜ್ ಒಳಗ ತೊಗರಿ ಟೆಂಡರ್ ಹಾಕಬೇಕಂದ್ರ ಖರೀದಿದಾರನ ಲೈಸೆನ್ಸ್ ಇಲ್ದ ಒಂದು ಚೀಲನೂ ಎತ್ತಾಕ ಬರಂಗಿಲ್ಲ.

ಲೆಕ್ಕದ ಅಕ್ಕ

ಗುಮಾಸ್ತರೇ, ಎಪಿಎಂಸಿ ಮಾತು ಸರಿ. ಬ್ರ್ಯಾಂಡಿನ ಮಾತು 2022ರ ಜುಲೈ 18ಕ್ಕೆ ಮುಗಿದುಹೋಯಿತು. ಅವತ್ತಿನಿಂದ ಕೇಳುವ ಪ್ರಶ್ನೆ ಒಂದೇ: 25 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದ, ಮೊದಲೇ ಕಟ್ಟಿ ಲೇಬಲ್ ಹಾಕಿದ ಪೊಟ್ಟಣವೇ? ಹೌದಾದರೆ ಶೇ. 5. ಬ್ರ್ಯಾಂಡ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. 25 ಕಿಲೋ ಮೀರಿದ ಚೀಲಕ್ಕೂ ಗಿರಾಕಿ ಎದುರಿಗೆ ತೂಗಿ ಕೊಡುವ ಬಿಡಿ ಬೇಳೆಗೂ ತೆರಿಗೆ ಇಲ್ಲ. ಸರಿಯಾಗಿ 25 ಕಿಲೋ ಇದ್ದರೆ ಅದು ತೆರಿಗೆಯ ಒಳಗೆ. 26 ಕಿಲೋ ಅಕ್ಕಿ ಚೀಲ ಅಂಗಡಿಗೆ ಯಾಕೆ ಬಂತು ಅಂತ ಈಗ ಗೊತ್ತಾಯ್ತಲ್ಲ.

ಇನ್ನು 40 ಲಕ್ಷ. ಎಲ್ಲರೂ ಎಡವುವುದು ಇಲ್ಲೇ. ಮಿತಿ ಮುಟ್ಟಿದ್ದೀರೋ ಇಲ್ಲವೋ ನೋಡುವಾಗ ತೆರಿಗೆ ಇರುವ ಮಾಲನ್ನಷ್ಟೇ ಕೂಡಿಸುವುದಿಲ್ಲ, ತೆರಿಗೆ ಇಲ್ಲದ ಮಾಲನ್ನೂ ಸೇರಿಸಿ ಒಂದೇ ಪ್ಯಾನ್ ಕೆಳಗಿನ ಇಡೀ ವಹಿವಾಟು ಕೂಡಿಸಬೇಕು. ಹೊಸಬರ ಲೆಕ್ಕವನ್ನೇ ಹಾಕೋಣ:

30 ಕಿಲೋ ಚೀಲ 32 ಟನ್: 35.20 ಲಕ್ಷ
ಪ್ಯಾಕೆಟ್ 4 ಟನ್: 4.40 ಲಕ್ಷ
ಹೊಟ್ಟು, ಚುನ್ನಿ: 2 ಲಕ್ಷ
ಒಟ್ಟು: 41.60 ಲಕ್ಷ

ದ್ವಿದಳ ಧಾನ್ಯದ ಹೊಟ್ಟು, ಚುನ್ನಿಗೆ 2023ರ ಜನವರಿಯಿಂದ ತೆರಿಗೆ ಇಲ್ಲ. ಆದರೂ ಅದರ 2 ಲಕ್ಷ ಕೂಡಿಕೆಗೆ ಬಂದೇ ಬರುತ್ತದೆ. ಬರೀ ಬೇಳೆ ಹಿಡಿದರೆ 39.60, ಮಿತಿಯೊಳಗೆ ಇದ್ದಂತೆ ಕಾಣುತ್ತದೆ. ಚುನ್ನಿ ಸೇರಿಸಿದರೆ ದಾಟಿತು. ಗಿರಣಿಯವರು ಮರೆಯುವುದು ಈ ಚುನ್ನಿಯನ್ನೇ.

ಅದಕ್ಕೂ ಮೊದಲೇ ಇನ್ನೊಂದು ಬಾಗಿಲು ತೆರೆದಿದೆ, ಸೊಲ್ಲಾಪುರ. ತೆರಿಗೆ ಇರುವ ಮಾಲನ್ನು ಬೇರೆ ರಾಜ್ಯಕ್ಕೆ ಮಾರಿದರೆ ನೋಂದಣಿಗೆ ಮಿತಿಯೇ ಇಲ್ಲ. ಮೊದಲ ಪ್ಯಾಕೆಟ್ ಹೋಗುವ ಮುಂಚೆಯೇ ನಂಬರ್ ಕೈಯಲ್ಲಿರಬೇಕು. ಅದೇ ಅಂಗಡಿಗೆ 30 ಕಿಲೋ ಚೀಲ ಕಳಿಸಿದರೆ ಈ ತೊಂದರೆ ಬರುವುದಿಲ್ಲ.

ಕಪನೂರ ಹೊಸಬ

ಅಕ್ಕಾರ, ಅಂದ್ರ 50 ಪ್ಯಾಕೆಟ್ ಸಲುವಾಗಿ ಇಡೀ ಘಟಕಕ್ಕ ಜಿಎಸ್‌ಟಿ ಮಾಡಿಸಬೇಕೇನ್ರಿ? ಪ್ಯಾಕೆಟ್‌ಗಳನ್ನ 30 ಕಿಲೋ ಚೀಲದಾಗ ತುಂಬಿ, ಬಾಯಿ ಹೊಲ್ದು ಕಳಿಸಿದ್ರ ನಡೀತದ?

ತಕ್ಕಡಿ

ನಡೆಯೂದಿಲ್ರಿ. ಒಂದು ಕಿಲೋದ 30 ಪ್ಯಾಕೆಟ್ ಹಾಕಿದ ಚೀಲ 30 ಕಿಲೋ ಚೀಲ ಆಗೂದಿಲ್ಲ, 30 ಪ್ಯಾಕೆಟ್‌ನ ಮೂಟೆ ಆಗ್ತದ. ಕೊನೀ ಗಿರಾಕಿ ಕೈಗೆ ಹೋಗೂ ಪೊಟ್ಟಣ ಯಾವುದು ಅಂತ ನೋಡ್ತಾರ. 2022ರಾಗ ಕೇಂದ್ರ ಸರ್ಕಾರ ಕೊಟ್ಟ ಪ್ರಶ್ನೋತ್ತರದಾಗ ಇದೇ ಮಾತದ: 10 ಕಿಲೋದ 10 ಪೊಟ್ಟಣ ಒಂದು ಮೂಟೆದಾಗ ಹಾಕಿದ್ರ ತೆರಿಗೆ ಉಂಟು, 50 ಕಿಲೋದ ಒಂದೇ ಚೀಲಕ್ಕ ಇಲ್ಲ.

ಇನ್ನೊಂದು ಜಾಣತನ ಯಾರಾದ್ರೂ ಹೇಳೂ ಮುಂಚೆ ನಾನೇ ಹೇಳ್ತೀನಿ. ಲೇಬಲ್ ಹಚ್ಚದ ಬರೇ ಕವರ್ ಸೀಲ್ ಮಾಡಿದ್ರ "ಲೇಬಲ್ ಇಲ್ಲ, ತೆರಿಗೆ ಇಲ್ಲ" ಅಂತ ತಪ್ಪಿಸಿಕೊಳ್ಳಾಕ ಬರೂದಿಲ್ಲ. ಜಿಎಸ್‌ಟಿಯವರು ಕಾನೂನು ಮಾಪನಶಾಸ್ತ್ರದ ವ್ಯಾಖ್ಯೆನೇ ಎತ್ತಿಕೊಂಡಾರ. ಆ ಕಾನೂನಿನ ಪ್ರಕಾರ ಲೇಬಲ್ ಹಚ್ಚಲೇಬೇಕಾದ ಪೊಟ್ಟಣ ಆಗಿದ್ರ ಸಾಕು. ಹಚ್ಚದಿದ್ರ ತೆರಿಗೆನೂ ಕಟ್ಟಬೇಕು, ಲೇಬಲ್ ಇಲ್ಲದ್ದಕ್ಕ ನಮ್ಮ ಇಲಾಖೆಗೆ ದಂಡನೂ ಕಟ್ಟಬೇಕು.

ಯಾದಗಿರಿ ಶೇಂಗಾ

ನಂದೂ ಹಿಂಗೇ ಅದ ನೋಡ್ರಿ. ಮರದ ಗಾಣದ ಶೇಂಗಾ ಎಣ್ಣಿ ಮಾಡ್ತೀನಿ. 15 ಲೀಟರ್ ಡಬ್ಬಿ ಬಿಟ್ಟು 30 ಲೀಟರ್ ಕ್ಯಾನ್‌ನ್ಯಾಗ ಕೊಟ್ರ ಜಿಎಸ್‌ಟಿ ತಪ್ತದ ಅಂದಂಗಾಯ್ತು! ಧನ್ಯವಾದ್ರಿ.

ಲೆಕ್ಕದ ಅಕ್ಕ

ಶೇಂಗಾ ಅವರೇ, ನಿಲ್ರಿ, ಕ್ಯಾನ್ ಖರೀದಿ ಮಾಡಬೇಡ್ರಿ. 25 ಕಿಲೋ ನಿಯಮ ಬೇಳೆ, ಅಕ್ಕಿ, ಹಿಟ್ಟು ಇಂಥವಕ್ಕೆ. ಖಾದ್ಯ ಎಣ್ಣೆಗೆ ಚಿಕ್ಕ ಬಾಟಲಿ ಇರಲಿ, ದೊಡ್ಡ ಕ್ಯಾನ್ ಇರಲಿ, ಬಿಡಿಯಾಗಿ ಅಳೆದು ಕೊಡಲಿ, ಶೇ. 5 ಇದ್ದೇ ಇದೆ. ನಿಮಗೆ 40 ಲಕ್ಷದ ಮಿತಿ ಮಾತ್ರ ಆಸರೆ, ಅದೂ ಮಾಲು ಕರ್ನಾಟಕದೊಳಗೇ ಮಾರಿದರೆ. ನಿಮ್ಮದು ಬೇರೆ ಎಳೆಯಲ್ಲಿ ಕೇಳಿ, ಇಲ್ಲಿ ಕಲೆಸಿದರೆ ಹೊಸಬರಿಗೆ ಗೊಂದಲ.

ಬೀದರ ಓದುಗ

ಜಿಎಸ್‌ಟಿಯೊಳಗ ಸಣ್ಣವ್ರಿಗಿರೋ ಕಾಂಪೋಸಿಶನ್ ಪದ್ಧತಿ ತಗೊಳ್ರಿ, ಮುಗೀತು. ಒಂದೂವರೆ ಕೋಟಿ ತನಕ ಅವಕಾಶ ಅದ, 1 ಪರ್ಸೆಂಟ್ ಕಟ್ಟಿ ಆರಾಮ ಇರ್ರಿ. ಮೂರು ತಿಂಗಳಿಗೊಮ್ಮೆ ಚಲನ್, ವರ್ಷಕ್ಕೊಂದು ರಿಟರ್ನ್. ಬೀದರದಾಗ ಸಣ್ಣ ಅಂಗಡಿಯವರೆಲ್ಲ ಅದನ್ನೇ ಮಾಡ್ಯಾರ.

ಲೆಕ್ಕದ ಅಕ್ಕ

ಅಂಗಡಿಯವರಿಗೆ ಸರಿ, ಗಿರಣಿಯವರಿಗೆ ಅಲ್ಲ. ಈ ವ್ಯತ್ಯಾಸ ಬಹಳ ಜನಕ್ಕೆ ಗೊತ್ತಿರುವುದಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಕಾಂಪೋಸಿಶನ್‌ನಲ್ಲಿ ವ್ಯಾಪಾರಿ ಶೇ. 1 ಕಟ್ಟುವುದು ತೆರಿಗೆ ಇರುವ ಮಾಲಿನ ಮೇಲೆ ಮಾತ್ರ. ತಯಾರಕ ಕಟ್ಟುವುದು ರಾಜ್ಯದೊಳಗಿನ ಒಟ್ಟು ವಹಿವಾಟಿನ ಮೇಲೆ, ತೆರಿಗೆ ಇಲ್ಲದ ಮಾಲೂ ಸೇರಿ. ತೊಗರಿ ಒಡೆದು ಬೇಳೆ ಮಾಡುವ ಹೊಸಬರು ತಯಾರಕರು. ಹಾಗಾಗಿ 41.60 ಲಕ್ಷಕ್ಕೆ ಶೇ. 1 ಅಂದರೆ 41,600 ರೂಪಾಯಿ. ಇದನ್ನು ಗಿರಾಕಿಯಿಂದ ಬಿಲ್ಲಿನಲ್ಲಿ ವಸೂಲು ಮಾಡುವಂತಿಲ್ಲ, ಸ್ವಂತ ಜೇಬಿನಿಂದ ಹೋಗುತ್ತದೆ.

ಸಾಮಾನ್ಯ ನೋಂದಣಿಯಲ್ಲಿ 4.40 ಲಕ್ಷದ ಪ್ಯಾಕೆಟ್ ಮಾಲಿಗೆ ಶೇ. 5, ಅಂದರೆ 22,000. ಇದು ಗಿರಾಕಿಯಿಂದ ಬರುವ ದುಡ್ಡು. ಅದರಲ್ಲೂ ಪ್ಯಾಕೆಟ್‌ಗೆಂದೇ ತಂದ ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಕೊಟ್ಟ ತೆರಿಗೆಯನ್ನು ಪೂರ್ತಿ ಕಳೆಯಬಹುದು. ವರ್ಷಕ್ಕೆ 30,000 ರೂಪಾಯಿ ಫಿಲ್ಮ್ ಹಿಡಿದರೆ ಶೇ. 18ರಂತೆ 5,400 ಕಳೆದು, ಕಟ್ಟಬೇಕಾದ್ದು 16,600.

ಕಾಂಪೋಸಿಶನ್‌ನಲ್ಲಿದ್ದವರು ಬೇರೆ ರಾಜ್ಯಕ್ಕೆ ಮಾಲು ಮಾರುವಂತಿಲ್ಲ ಅನ್ನುವುದು ಇನ್ನೊಂದು. ಕಲಬುರಗಿಯವರಿಗೆ ಸೊಲ್ಲಾಪುರ, ಬೀದರದವರಿಗೆ ಜಹೀರಾಬಾದ್, ಹೈದರಾಬಾದ್ ಹತ್ತಿರದ ಪೇಟೆಗಳು. ಗಡಿ ಜಿಲ್ಲೆಯಲ್ಲಿ ಕೂತು ಆ ಬಾಗಿಲು ನಾವೇ ಹಾಕಿಕೊಂಡಂತೆ.

ಒಂದು ಎಚ್ಚರಿಕೆ. ಶೆಡ್ ಬಾಡಿಗೆ, ಯಂತ್ರದ ರಿಪೇರಿ, ಲೆಕ್ಕಪರಿಶೋಧಕರ ಫೀಸು ಇವೆಲ್ಲ ಎರಡೂ ಬಗೆಯ ಮಾಲಿಗೆ ಸೇರಿದ ಖರ್ಚು. ಅವುಗಳ ಮೇಲಿನ ತೆರಿಗೆ ವಾಪಸ್ ಸಿಗುವುದು ಪ್ಯಾಕೆಟ್ ಪಾಲಿನಷ್ಟೇ. 41.60ರಲ್ಲಿ 4.40, ಅಂದರೆ ನೂರಕ್ಕೆ ಹತ್ತೂವರೆ ರೂಪಾಯಿ. ಆದ್ದರಿಂದ ಯೋಜನೆಯಲ್ಲಿ ಯಂತ್ರದ ಬೆಲೆ ಬರೆಯುವಾಗ ಜಿಎಸ್‌ಟಿ ಸೇರಿಸಿಯೇ ಬರೆಯಿರಿ. "ಜಿಎಸ್‌ಟಿ ವಾಪಸ್ ಬರ್ತದ" ಅಂತ ಬಿಟ್ಟು ಬರೆದರೆ ಸಾಲ ಅಷ್ಟಕ್ಕೆ ಮಂಜೂರಾಗುತ್ತದೆ, ಆಮೇಲೆ ಅಷ್ಟು ದುಡ್ಡು ಕೈಸಾಲ ಮಾಡಬೇಕಾಗುತ್ತದೆ. ಅಷ್ಟಿಷ್ಟು ಬರಬೇಕಾದ್ದೂ ನೋಂದಣಿಗೆ ಮುಂಚೆ ಯಂತ್ರದ ಬಿಲ್ ಮಾಡಿಸಿದರೆ ಬರುವುದಿಲ್ಲ. ಆಗ ಸಿಗುವುದು ಸ್ಟಾಕಿನಲ್ಲಿರುವ ಸಾಮಗ್ರಿಯ ಮೇಲಿನದು ಮಾತ್ರ.

ಬೀದರ ಓದುಗ

ಇದು ಗೊತ್ತಿರಲಿಲ್ರಿ. ಆದ್ರ ಮೊದಲ ವರ್ಷ ಬರೇ 30 ಕಿಲೋ ಚೀಲ ಮಾರಿದ್ರ? ಪೂರಾ ತೆರಿಗೆ ಇಲ್ಲದ ಮಾಲು.

ಲೆಕ್ಕದ ಅಕ್ಕ

ಆಗ ನೋಂದಣಿಯೇ ಬೇಡ. ಮಾರುವುದೆಲ್ಲ ತೆರಿಗೆ ಇಲ್ಲದ ಮಾಲೇ ಆಗಿದ್ದರೆ 40 ಲಕ್ಷ ದಾಟಲಿ, ಕೋಟಿ ದಾಟಲಿ, ಸೊಲ್ಲಾಪುರಕ್ಕೇ ಹೋಗಲಿ, ನೋಂದಣಿಯ ಹೊರಗೇ ಇರಬಹುದು. ಇದು ನಿಜವಾದ ದಾರಿ, ಕೆಟ್ಟದ್ದೇನಲ್ಲ. ಹೊಸಬರು ತೂಗಿ ನೋಡಬೇಕಾದ್ದು ಪ್ಯಾಕೆಟ್‌ನ ಲಾಭ. ಕಿಲೋಕ್ಕೆ ನಾಕೈದು ರೂಪಾಯಿ ಹೆಚ್ಚು ಉಳಿದರೆ 4 ಟನ್ನಿಗೆ 16ರಿಂದ 20 ಸಾವಿರ. ರಿಟರ್ನ್ ಹಾಕಿಸುವ ಫೀಸು ಅದರಲ್ಲೇ ಕರಗಿಹೋಗಬಹುದು. ನನ್ನ ಮಾತು ಕೇಳಿದರೆ, ಪ್ಯಾಕೆಟ್ ವರ್ಷಕ್ಕೆ 10 ಟನ್ ಮುಟ್ಟುವ ಭರವಸೆ ಇಲ್ಲದಿದ್ದರೆ ಅದನ್ನು ಎರಡನೇ ವರ್ಷಕ್ಕೆ ಬರೆಯಿರಿ.

ತಕ್ಕಡಿ

ನಾನು ಒಪ್ಪೂದಿಲ್ಲ ಅಕ್ಕಾರ. ಪ್ಯಾಕೆಟ್ ಅಂಗಡ್ಯಾಗ ಕಾಣಿಸಿದ್ರ ತಾನೇ ಹೆಸರು ನಿಲ್ಲೂದು. 30 ಕಿಲೋ ಚೀಲ ಕಿರಾಣಿಯವರ ಡಬ್ಬಿಗೆ ಸುರದ ಮ್ಯಾಲ ಯಾರ ಬೇಳೆ ಅಂತ ಗಿರಾಕಿಗೆ ಗೊತ್ತಾಗೂದಿಲ್ಲ. ಅದು ವ್ಯಾಪಾರದ ಮಾತು, ಅವರ ಇಷ್ಟ. ಪ್ಯಾಕೆಟ್ ಮಾಡೂದಾದ್ರ ನಮ್ಮ ಕಡಿ ಕೆಲಸ ಇಷ್ಟು.

ಕಾನೂನು ಮಾಪನಶಾಸ್ತ್ರ ಇಲಾಖೆಯೊಳಗ ಪ್ಯಾಕರ್ ನೋಂದಣಿ. ಪ್ಯಾಕಿಂಗ್ ಶುರು ಮಾಡಿ 90 ದಿನದೊಳಗ ಅರ್ಜಿ, ಶುಲ್ಕ 500 ರೂಪಾಯಿ. ತೂಕದ ಎಲೆಕ್ಟ್ರಾನಿಕ್ ಕಾಟಾ ವರ್ಷಕ್ಕೊಮ್ಮೆ ಪರಿಶೀಲನಾ ಮುದ್ರೆ ಹಾಕಿಸಬೇಕು. ಹೊಸ ಕಾಟಾಕ್ಕ ಮುದ್ರೆ ಇರೂದು ಮಾರಿದವರ ಜವಾಬ್ದಾರಿ ಅಂದುಕೊಂಡು ಮುಂದಿನ ವರ್ಷ ಮರೀತಾರ, ತಪಾಸಣಿಗೆ ಬಂದವರು ಮೊದಲು ನೋಡೂದೇ ಅದು.

ಲೇಬಲ್ ಮ್ಯಾಲ ತಯಾರಕರ ಹೆಸರು ವಿಳಾಸ, ಮಾಲಿನ ಹೆಸರು, ನಿವ್ವಳ ತೂಕ, ತಯಾರಿಸಿದ ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಾಕ ಫೋನ್ ಮತ್ತು ಇಮೇಲ್ ಇರಬೇಕು. ಈಗ ಜನ ಸಿಕ್ಕಿಬೀಳೂದು ಬಿಡಿ ದರದಾಗ. ಒಂದು ಕಿಲೋ ಪ್ಯಾಕೆಟ್‌ಗೆ ಎಂಆರ್‌ಪಿನೇ ಕಿಲೋ ದರ, ಬ್ಯಾರೆ ಬರಿಯೂದು ಬ್ಯಾಡ. ಅರ್ಧ ಕಿಲೋಕ್ಕ ಗ್ರಾಂ ಲೆಕ್ಕದಾಗ ಬರೀಬೇಕು. ಎಂಆರ್‌ಪಿ 68 ಇದ್ರ 500ರಿಂದ ಭಾಗಿಸಿದ್ರ 0.136, ಎರಡು ದಶಾಂಶಕ್ಕ ಹೊಂದಿಸಿ "ಗ್ರಾಂಗೆ 0.14 ರೂ." ಅಂತ ಹಾಕ್ರಿ. ಎಂಆರ್‌ಪಿ ಬದಲಾದಾಗ ಇದೂ ಬದಲಾಗಬೇಕು. ಅದಕ್ಕೇ ಇವೆರಡನ್ನೂ ಫಿಲ್ಮ್ ಮ್ಯಾಲ ಅಚ್ಚು ಹಾಕಿಸಬ್ಯಾಡ್ರಿ. ಖಾಲಿ ಚೌಕ ಬಿಟ್ಟು ಕೋಡಿಂಗ್ ಯಂತ್ರದ್ಲೇ ಹೊಡೀರಿ. ತೊಗರಿ ದರ ಸುಗ್ಗಿಗೊಂದು, ಮಳಿಗಾಲಕ್ಕೊಂದು.

ಬರೇ ಕನ್ನಡದಾಗ ಲೇಬಲ್ ಮಾಡಿಸ್ತಾರ ಕೆಲವರು. ಕಡ್ಡಾಯದ ವಿವರ ಇಂಗ್ಲಿಷ್ ಅಥವಾ ಹಿಂದಿಯೊಳಗ ಇರಲೇಬೇಕು ಅಂತ ನಿಯಮ. ಕನ್ನಡ ದೊಡ್ಡದಾಗೇ ಇರ್ಲಿ, ಜೋಡಿಗೆ ಅದೂ ಇರ್ಬೇಕು.

ಕಪನೂರ ಹೊಸಬ

30 ಕಿಲೋ ಚೀಲಕ್ಕ ಲೇಬಲ್ ಬ್ಯಾಡ ಅಂದಂಗಾಯ್ತಲ್ರಿ?

ತಕ್ಕಡಿ

ನಮ್ಮ ಇಲಾಖೆ ಪೊಟ್ಟಣ ನಿಯಮದಾಗ ಬರೂದಿಲ್ಲ. ಎಫ್‌ಎಸ್‌ಎಸ್‌ಎಐನೊಳಗ ಬರ್ತದ. ಚೀಲದ ಮ್ಯಾಲ ಮಾಲಿನ ಹೆಸರು, ತೂಕ, ತಯಾರಕರ ಹೆಸರು ವಿಳಾಸ, ಲೈಸೆನ್ಸ್ ನಂಬರ್, ಲಾಟ್ ನಂಬರ್, ದಿನಾಂಕ ಬೇಕೇ ಬೇಕು.

ಲೆಕ್ಕದ ಅಕ್ಕ

ಆಹಾರ ಲೈಸೆನ್ಸಿಗೆ ಬಂದ್ವಿ, ಅದನ್ನೂ ಮುಗಿಸೋಣ. FoSCoS ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ "ತಯಾರಕ" ಅಂತ ಆರಿಸಿ, ಅದರೊಳಗೆ ಧಾನ್ಯ-ಬೇಳೆ ಗಿರಣಿ. ಪೇಟೆಯಲ್ಲಿ ಅರ್ಜಿ ಹಾಕಿಕೊಡುವ ಕೆಲವರು ಬೇಗ ಆಗಲಿ ಅಂತ "ಮರುಪ್ಯಾಕಿಂಗ್" ಅಥವಾ "ಚಿಲ್ಲರೆ ಮಾರಾಟ" ಹಾಕಿಬಿಡುತ್ತಾರೆ. ಪರಿಶೀಲನೆಗೆ ಬಂದವರಿಗೆ ಶೆಡ್ಡಿನಲ್ಲಿ ತೊಗರಿ ಒಡೆಯುವ ಯಂತ್ರ ಕಂಡರೆ, ಇಲ್ಲದ ಚಟುವಟಿಕೆಗೆ ಲೈಸೆನ್ಸ್, ಇರುವುದಕ್ಕೆ ಇಲ್ಲ ಅಂತಾಗುತ್ತದೆ. ಶೆಡ್ಡಿನ ನಕ್ಷೆ, ಯಂತ್ರಗಳ ಪಟ್ಟಿ, ನೀರಿನ ಪರೀಕ್ಷಾ ವರದಿ ಮೊದಲೇ ತಯಾರಿಟ್ಟುಕೊಳ್ಳಿ. ಒಣ ಗಿರಣಿ, ನೀರು ಯಾಕೆ ಅಂತ ಕೇಳಬೇಡಿ. ಬೇಳೆಗೆ ನೀರು ಹಾಕಿ ಒಣಗಿಸುವ ಹಂತ ಇರುತ್ತದಲ್ಲ.

ನಂಬರ್ ಬಂದಮೇಲೆ ಫಿಲ್ಮ್ ಅಚ್ಚು. ಇದನ್ನು ಅಡಿಗೆರೆ ಹಾಕಿ ಓದಿ. ಮುದ್ರಣದ ಸಿಲಿಂಡರ್ ಮಾಡಿಸಿದ ಮೇಲೆ 14 ಅಂಕಿ ಬದಲಾದರೆ ಸಿಲಿಂಡರೂ ಹೋಯಿತು, ಫಿಲ್ಮೂ ಹೋಯಿತು. ತಯಾರಕರ ವಾರ್ಷಿಕ ರಿಟರ್ನ್ ಮೇ 31ರೊಳಗೆ ಹೋಗಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ದಂಡ. ಲೈಸೆನ್ಸ್ ಪಡೆದು ರಿಟರ್ನ್ ಮರೆತವರು ಬಹಳ.

ಗಂಜ್ ಗುಮಾಸ್ತ

ಅಕ್ಕಾರ ಬ್ರ್ಯಾಂಡ್ ಮಾತು ಹಳೇದಂತ ಒಪ್ದೆ. ಎಪಿಎಂಸಿದು ನಾನೇ ಹೇಳ್ತೀನಿ. ಗಂಜ್‌ನ್ಯಾಗ ಕೊಳ್ಳೋದಾದ್ರ ಲೈಸೆನ್ಸ್ ಬೇಕು, ಮಾರುಕಟ್ಟೆ ಶುಲ್ಕ, ಅಂದ್ರ ಸೆಸ್, ಕಟ್ಟಬೇಕು. ಹೊಸಬ್ರು ಇನ್ನೂ ಸಣ್ಣವ್ರು, ಕ್ವಿಂಟಲ್ ತೊಗರಿಗೆ 70 ಕಿಲೋ ಆಸುಪಾಸು ಬೇಳೆ ಅಂದ್ರ ವರ್ಷಕ್ಕ 51-52 ಟನ್ ತೊಗರಿ ಸಾಕು. ಅಷ್ಟಕ್ಕ ತಾವೇ ಟೆಂಡರ್ ಹಾಕೋ ಬದಲು ಲೈಸೆನ್ಸ್ ಇದ್ದ ವ್ಯಾಪಾರಿ ಕಡಿಂದ ಸೆಸ್ ಕಟ್ಟಿದ ಬಿಲ್ ಮ್ಯಾಲ ತಗೊಳ್ಳೋದು ಸುಲಭ. ಬಿಲ್‌ನ್ಯಾಗ ಸೆಸ್ ಕಟ್ಟಿದ್ದು ಕಾಣ್ಬೇಕು, ಇಲ್ಲಂದ್ರ ಗಾಡಿ ತಡದಾಗ ಮತ್ತೊಮ್ಮೆ ಕಟ್ಟಬೇಕಾಗ್ತದ.

ಹೊಲದ ಬಾಂದಿಗೆ ಹೋಗಿ ರೈತರ ಕಡಿಂದ ನೇರ ಕೊಳ್ಳೋ ವಿಚಾರ ಇದ್ರ ಅದನ್ನ ಎಪಿಎಂಸಿ ಕಾರ್ಯದರ್ಶಿ ಕಚೇರಿಯೊಳಗ ಬರಹದಾಗ ಕೇಳಿ ಇಟ್ಕೊ. 2020ರ ತಿದ್ದುಪಡಿ ಬಂದಾಗಿಂದ ಈ ಮಾತಿಗೆ ಗಂಜ್‌ನ್ಯಾಗ ನಾಕು ಮಂದಿ ನಾಕು ಉತ್ತರ ಕೊಡ್ತಾರ.

ಬೀದರ ಓದುಗ

ಬ್ಯಾಂಕ್ ರಿಪೋರ್ಟ್ ದೃಷ್ಟಿಯಿಂದ ಉಳಿದದ್ದು ನಾ ಹೇಳ್ತೀನಿ. ಉದ್ಯಮ್ ನೋಂದಣಿ ಮೊದಲು, ಪುಕ್ಕಟೆ, udyamregistration.gov.in ಒಂದೇ ಜಾಗ. ದುಡ್ಡು ಕೇಳಿದ ಜಾಲತಾಣ ನಕಲಿ ಅಂತ ತಿಳ್ಕೊಳ್ರಿ. ಚಟುವಟಿಕೆ ಸಂಕೇತ 10613, ಬೇಳೆ ಗಿರಣಿ. ವ್ಯಾಪಾರ ಅಂತ ಹಾಕಿದ್ರ ತಯಾರಿಕಾ ಘಟಕದ ಸಾಲ, ಸಬ್ಸಿಡಿ ಕೇಳುವಾಗ ತಕರಾರು ಬರ್ತದ.

ಮಾಲಿನ್ಯ ನಿಯಂತ್ರಣ ಮಂಡಳಿದು ಮರೀಬ್ಯಾಡ್ರಿ. ಗಿರಣಿಗೆ ಧೂಳು ಇದ್ದೇ ಇರ್ತದ. ಯಂತ್ರ ಕೂಡ್ಸೋ ಮುಂಚೆ ಸ್ಥಾಪನಾ ಸಮ್ಮತಿ, ಓಡ್ಸೋ ಮುಂಚೆ ಕಾರ್ಯಾಚರಣೆ ಸಮ್ಮತಿ. ಎರಡನೇದನ್ನ ಮಾತ್ರ ಬರದು ಮೊದಲನೇದು ಬಿಟ್ಟ ರಿಪೋರ್ಟ್ ಬ್ಯಾಂಕಿಂದ ವಾಪಸ್ ಬರ್ತದ. ಜೊತೆಗೆ ಮಹಾನಗರ ಪಾಲಿಕೆ ಉದ್ದಿಮೆ ಪರವಾನಗಿ, ಮಾರ್ಚ್‌ಗೆ ಮುಗೀತದ, ಪ್ರತಿವರ್ಷ ನವೀಕರಣ. ಜೆಸ್ಕಾಂ ಕೈಗಾರಿಕಾ ಸಂಪರ್ಕ, ಶೆಡ್ ಮಾಲಕರ ಒಪ್ಪಿಗಿ ಪತ್ರದ ಜೋಡಿ. ಆಳು ನಾಕೇ ಅಂದಮ್ಯಾಲ ಇಎಸ್‌ಐಗೆ 10, ಪಿಎಫ್‌ಗೆ 20 ಮಂದಿ ಆಗೋ ತನಕ ಚಿಂತಿಲ್ಲ. ಆದ್ರ ಸುಗ್ಗಿಯೊಳಗ ಹಮಾಲರು ಸೇರಿ ಎಷ್ಟಾಗ್ತಾರ ಅಂತ ಒಂದು ಸಾಲು ಬರೀರಿ.

ಲೆಕ್ಕದ ಅಕ್ಕ

ವೃತ್ತಿ ತೆರಿಗೆ ಬಿಟ್ಟಿರಿ. ಮಾಲೀಕನ ಸ್ವಂತ ದಾಖಲಾತಿಗೆ ವರ್ಷಕ್ಕೆ 2,500 ರೂಪಾಯಿ, ಏಪ್ರಿಲ್ 30ರೊಳಗೆ. ಆಳುಗಳದ್ದು ಬೇರೆ ನೋಂದಣಿ, ಅದು ತಿಂಗಳ ಸಂಬಳ 25,000 ಮುಟ್ಟಿದವರಿಗೆ ಮಾತ್ರ. ತಿಂಗಳಿಗೆ 200, ಫೆಬ್ರವರಿಯಲ್ಲಿ 300.

ಜಿಎಸ್‌ಟಿ ಅರ್ಜಿಯಲ್ಲಿ ಏನು ಕೆಡುತ್ತದೆ ಅಂತಲೂ ಬರೆಯಬೇಕು, ಅರ್ಧ ಅರ್ಜಿಗಳು ಅಲ್ಲೇ ನಿಲ್ಲುತ್ತವೆ. ಬಾಡಿಗೆ ಕರಾರಿನಲ್ಲಿ ಪ್ಲಾಟ್ ನಂಬರ್ ಇರುತ್ತದೆ, ಕರೆಂಟ್ ಬಿಲ್ಲಿನಲ್ಲಿ ಸರ್ವೆ ನಂಬರ್. ಬಿಲ್ ಇರುವುದು ತೀರಿಹೋದ ತಂದೆಯ ಹೆಸರಲ್ಲಿ, ಕರಾರು ಮಾಡಿದ್ದು ಮಗ. ಅಧಿಕಾರಿಗೆ ಇಬ್ಬರೂ ಬೇರೆ ಬೇರೆ. ಆಗ REG-03 ನೋಟಿಸ್ ಬರುತ್ತದೆ. ಏಳು ಕೆಲಸದ ದಿನದೊಳಗೆ REG-04ರಲ್ಲಿ ಉತ್ತರ ಕೊಡದಿದ್ದರೆ ಅರ್ಜಿ ತಿರಸ್ಕಾರವಾಗಬಹುದು. ನೋಟಿಸ್ ಇಮೇಲ್‌ಗೆ ಬರುತ್ತದೆ, ಅರ್ಜಿ ಹಾಕಿಕೊಟ್ಟವರ ಇಮೇಲ್ ಕೊಟ್ಟಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ಸ್ವಂತ ಇಮೇಲ್, ಸ್ವಂತ ಮೊಬೈಲ್ ಹಾಕಿ. ಪಾಲಿಕೆ, ಆಹಾರ, ಉದ್ಯಮ್, ಜಿಎಸ್‌ಟಿ ನಾಲ್ಕರಲ್ಲೂ ವಿಳಾಸ ಅಕ್ಷರಶಃ ಒಂದೇ ಇರಲಿ.

ನೋಂದಣಿ ಆದಮೇಲೆ ಐದು ಕೋಟಿ ವಹಿವಾಟಿನ ಒಳಗಿನವರು ತ್ರೈಮಾಸಿಕ ಪದ್ಧತಿ ಆರಿಸಬಹುದು. GSTR-1 ತ್ರೈಮಾಸಿಕದ ಮರು ತಿಂಗಳ 13ಕ್ಕೆ, GSTR-3B ಕರ್ನಾಟಕದವರಿಗೆ 22ಕ್ಕೆ. ನಡುವಿನ ಎರಡು ತಿಂಗಳ ತೆರಿಗೆ 25ರೊಳಗೆ ಚಲನ್ ಮೂಲಕ. ಒಂದು ಪ್ಯಾಕೆಟ್ಟೂ ಮಾರದ ತ್ರೈಮಾಸಿಕಕ್ಕೂ ರಿಟರ್ನ್ ಹಾಕಲೇಬೇಕು, ಬಿಟ್ಟರೆ ದಿನಕ್ಕೆ 20 ರೂಪಾಯಿ, ಕಟ್ಟಬೇಕಾದ ತೆರಿಗೆ ಇದ್ದರೆ 50. ಹೀಗೆ ಬಿಡುತ್ತಾ ಹೋದರೆ ನೋಂದಣಿಯನ್ನೇ ರದ್ದು ಮಾಡುತ್ತಾರೆ. 30 ಕಿಲೋ ಚೀಲದ ಮಾರಾಟವನ್ನೂ ರಿಟರ್ನಿನಲ್ಲಿ ತೆರಿಗೆರಹಿತ ಕಾಲಮಿನಲ್ಲಿ ತೋರಿಸಿ. ಆದಾಯ ತೆರಿಗೆಯಲ್ಲಿ 41 ಲಕ್ಷ, ಜಿಎಸ್‌ಟಿಯಲ್ಲಿ 4 ಲಕ್ಷ ಕಂಡರೆ ನೋಟಿಸ್ ಖಚಿತ.

ಕಪನೂರ ಹೊಸಬ

ಎಲ್ಲ ಕೂಡಿಸಿ ಹಿಂಗ ಬರ್ದೀನಿ, ತಪ್ಪಿದ್ರ ಹೇಳ್ರಿ. ಮೊದಲನೇ ತಿಂಗಳು ಬಾಡಿಗೆ ಕರಾರು, ಉದ್ಯಮ್, ಪಾಲಿಕೆ ಅರ್ಜಿ, ಸ್ಥಾಪನಾ ಸಮ್ಮತಿ. ಎರಡನೇ ತಿಂಗಳು ಜೆಸ್ಕಾಂ, ಜಿಎಸ್‌ಟಿ ಸಾಮಾನ್ಯ ನೋಂದಣಿ, ಅದಾದಮ್ಯಾಲ ಯಂತ್ರದ ಬಿಲ್. ಮೂರನೇ ತಿಂಗಳು ಎಫ್‌ಎಸ್‌ಎಸ್‌ಎಐ, ಕಾರ್ಯಾಚರಣೆ ಸಮ್ಮತಿ, ಕಾಟಾಕ್ಕ ಮುದ್ರೆ. ನಂಬರ್ ಬಂದಮ್ಯಾಲ ಫಿಲ್ಮ್, ಪ್ಯಾಕಿಂಗ್ ಶುರುವಾದ ಕೂಡ್ಲೇ ಪ್ಯಾಕರ್ ನೋಂದಣಿ. ತೊಗರಿ ಮೊದಲ ವರ್ಷ ಸೆಸ್ ಬಿಲ್ ಮ್ಯಾಲ, ಎಪಿಎಂಸಿ ಲೈಸೆನ್ಸ್ ಎರಡನೇ ವರ್ಷಕ್ಕ. ಸೊಲ್ಲಾಪುರ ಬಿಡಾಕ ಮನಸ್ಸಿಲ್ಲ, ಅದಕ್ಕ ಪ್ಯಾಕೆಟ್ ಮೊದಲಿಂದಲೇ ಇಡ್ತೀನಿ ಅಕ್ಕಾರ.

ಎರಡು ಸಂಶಯ ಉಳದಾವ. ಪ್ಯಾಕೆಟ್ ಮ್ಯಾಲ "ಕಲಬುರಗಿ ತೊಗರಿ ಬೇಳೆ", ಜಿಐ ಗುರುತು ಹಾಕಬಹುದಾ? ಸುಗ್ಗಿ ಇಲ್ಲದಾಗ ಸುತ್ತಲಿನ ರೈತರ ತೊಗರಿ ಕೂಲಿಗೆ ಒಡದು ಕೊಟ್ರ?

ತಕ್ಕಡಿ

ಜಿಐ 2019ರಾಗ ಬಂದದ. ಹೆಸರು, ಗುರುತು ಬಳಸಾಕ ಅಧಿಕೃತ ಬಳಕೆದಾರ ಅಂತ ಜಿಐ ನೋಂದಣಿ ಕಚೇರಿಯೊಳಗ ಹೆಸರು ಸೇರಿಸಬೇಕು. ಕಲಬುರಗಿಯೊಳಗ ಒಡದೀನಿ ಅನ್ನೂದಷ್ಟೇ ಸಾಲೂದಿಲ್ಲ, ತೊಗರಿ ಎಲ್ಲಿದು ಅನ್ನೂದಕ್ಕ ಖರೀದಿ ಬಿಲ್ ಇಡ್ರಿ. ಅಲ್ಲಿ ತನಕ ಗುರುತು ಅಚ್ಚು ಹಾಕಿಸಬ್ಯಾಡ್ರಿ.

ಲೆಕ್ಕದ ಅಕ್ಕ

ಕೂಲಿ ಒಡೆಯುವುದನ್ನು ಯೋಜನೆಯಲ್ಲಿ ಹಗುರವಾಗಿ ಸೇರಿಸಬೇಡಿ. 40 ಲಕ್ಷದ ಮಿತಿ ಮಾಲು ಮಾತ್ರ ಮಾರುವವರಿಗೆ. ಕೂಲಿ ಅನ್ನುವುದು ಸೇವೆ, ತೆರಿಗೆ ಬೀಳುವ ಸೇವೆ ಸೇರಿದರೆ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ನೀವು ಹೇಗೂ ನೋಂದಣಿ ಮಾಡಿಸುತ್ತೀರಿ, ನಿಮಗೆ ಮಿತಿಯ ಚಿಂತೆ ಇಲ್ಲ. ಚಿಂತೆ ದರದ್ದು. ನೋಂದಾಯಿತ ವ್ಯಾಪಾರಿಯ ತೊಗರಿ ಒಡೆದು ಕೊಟ್ಟ ಕೂಲಿಗೆ ಶೇ. 5. ನೋಂದಣಿ ಇಲ್ಲದ ರೈತನದ್ದಾದರೆ ಜಾಬ್‌ವರ್ಕ್ ವ್ಯಾಖ್ಯೆಯೊಳಗೆ ಬರುವುದಿಲ್ಲ, ಶೇ. 18 ಅಂತ ನನ್ನ ಓದು.

ಗಂಜ್ ಗುಮಾಸ್ತ

ಅಕ್ಕಾರ, ರೈತನ ತೊಗರಿ ಕೃಷಿ ಉತ್ಪನ್ನ, ಅದರ ಕೆಲಸಕ್ಕ ತೆರಿಗೆ ಎಲ್ಲಿಂದ ಬಂತ್ರಿ? ಊರಾಗಿನ ಯಾವ ಗಿರಣಿಯವ್ನೂ ರೈತರಿಗೆ 18 ಪರ್ಸೆಂಟ್ ಹಾಕಿದ್ದು ನಾ ಕಂಡಿಲ್ಲ.

ಲೆಕ್ಕದ ಅಕ್ಕ

ಇಡೀ ತೊಗರಿ ಕೃಷಿ ಉತ್ಪನ್ನ, ಒಪ್ಪಿದೆ. ಸಿಪ್ಪೆ ತೆಗೆದು ಸೀಳಿದ ಬೇಳೆ ಕೃಷಿ ಉತ್ಪನ್ನ ಅಲ್ಲ ಅಂತ 2017ರಲ್ಲೇ ಸುತ್ತೋಲೆ ಬಂದಿದೆ. ಹಾಕಿದ್ದು ಕಂಡಿಲ್ಲ ಅನ್ನುವುದು ಬೇರೆ, ಹಾಕಬೇಕಿಲ್ಲ ಅನ್ನುವುದು ಬೇರೆ.

ಗಂಜ್ ಗುಮಾಸ್ತ

ಕೂಲಿ ಅಂದ್ರ ಬೇಳೆ ಮಾರೋದಲ್ಲಲ್ರಿ, ತೊಗರಿ ಮ್ಯಾಲ ಮಾಡೋ ಕೆಲಸ. ನಾ ಇನ್ನೂ ಒಪ್ಪಿಲ್ಲ.

ಕಪನೂರ ಹೊಸಬ

ಹಂಗಿದ್ರ ಕೂಲಿ ಸಾಲು ರಿಪೋರ್ಟಿಂದ ತಗದೀನ್ರಿ. ಸೋಮವಾರ ಬ್ಯಾಂಕಿಗೆ ಕೊಡ್ತೀನಿ. ಯಂತ್ರದ ಕೊಟೇಶನ್ ಜಿಎಸ್‌ಟಿ ಸೇರ್ಸಿ ಬ್ಯಾರೆ ಬರ್ಸಬೇಕು, ಮೊದಲಿಂದು ಬಿಟ್ಟು ಬರ್ಸಿದ್ದೆ.